ಒಬ್ಬಳೇ ಅತಿಥಿ, ಎರಡು ಪರಿಚಯ

ಸಭೆಗೆ ಬಂದ ಅತಿಥಿಯನ್ನು ಪರಿಚಯಿಸುವ ಕೆಲಸ ನಮ್ಮ ಕಾಲೇಜಿನಲ್ಲಿ ಯಾವಾಗಲೂ ನನ್ನ ಪಾಲಿಗೇ ಬರುತ್ತಿತ್ತು. ಯಲಬುರ್ಗಾದ ಆ ಪದವಿ ಕಾಲೇಜಿನಲ್ಲಿ ನಾನು ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕಿ. ಸ್ಪಷ್ಟವಾಗಿ ಓದುತ್ತೇನೆ, ಬರೆದುಕೊಂಡಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡುವುದಿಲ್ಲ ಎಂಬುದು ಪ್ರಾಂಶುಪಾಲರಿಗೆ ನನ್ನಲ್ಲಿ ಹಿಡಿಸಿದ ಗುಣ. ಅದು ಗುಣವಲ್ಲ, ಅಂಜಿಕೆ. ಅವರಿಗೆ ಅದನ್ನು ಹೇಳುವ ಪ್ರಸಂಗ ಬರಲಿಲ್ಲ.

ಆ ಸಲ ಬರಬೇಕಾದ ಅತಿಥಿ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ಹೆಣ್ಣುಮಗಳು. ವಯಸ್ಸು ನಲವತ್ತರ ಹತ್ತಿರ. ಕಂಪನಿಗಳಿಗೆ ಹೈಬ್ರಿಡ್ ಟೊಮ್ಯಾಟೊ ಬೀಜ ಬೆಳೆಸಿಕೊಡುವುದು ಆಕೆಯ ಕೆಲಸ. ಕಂಪನಿ ಆಕೆಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ, ಆಕೆ ಊರಿನ ಮನೆಮನೆಗಳ ನೆಟ್ ಹೌಸ್‌ಗಳಲ್ಲಿ, ಅಂದರೆ ಸುತ್ತ ಬಲೆ ಹೊದಿಸಿದ ಚಪ್ಪರಗಳಲ್ಲಿ, ಅದನ್ನು ಬೆಳೆಸುತ್ತಾಳೆ. ಎಲ್ಲರೂ ಆಕೆಯನ್ನು ಅಕ್ಕಾರು ಎನ್ನುತ್ತಿದ್ದರು, ನಾನೂ ಅಕ್ಕ ಎಂದೇ ಕರೆದೆ. ಬೆಳಿಗ್ಗೆ ನಮ್ಮ ವಿದ್ಯಾರ್ಥಿನಿಯರ ಜೊತೆ ಮಾತು. ಅದೇ ದಿನ ಮಧ್ಯಾಹ್ನ ಕೊಪ್ಪಳದಲ್ಲಿ ಬೀಜ ವ್ಯಾಪಾರಿಗಳ ಸಂಘದ ಸಭೆಯಲ್ಲಿ ಹತ್ತು ನಿಮಿಷ. ಸಂಘದ ಕಾರ್ಯದರ್ಶಿ ನಮ್ಮ ಪ್ರಾಂಶುಪಾಲರ ಸ್ನೇಹಿತರು. ಅಲ್ಲಿಯ ಪರಿಚಯವನ್ನೂ ನಾನೇ ಮಾಡಬೇಕೆಂದು ಇಬ್ಬರೂ ಫೋನಿನಲ್ಲೇ ಗೊತ್ತು ಮಾಡಿಬಿಟ್ಟಿದ್ದರು.

"ಒಂದ ಸಲ ಬರ್ದು ಎರಡೂ ಕಡಿ ಓದ್ರಿ. ಮನಷ್ಯಾಳು ಒಬ್ಬಾಕಿನ ಅಲ್ಲ?" ಎಂದರು ಪ್ರಾಂಶುಪಾಲರು.

ಮನುಷ್ಯಳು ಒಬ್ಬಳೇ. ಆದರೆ ಕೇಳುವವರು ಬೇರೆ. ಇದನ್ನು ನಾನು ಅವರಿಗೆ ಹೇಳಲಿಲ್ಲ, ಮನೆಗೆ ಹೋಗಿ ಎರಡು ಪರಿಚಯ ಬರೆದೆ.

ಅದಕ್ಕೂ ಮೊದಲು ಅಕ್ಕನಿಗೆ ಫೋನ್ ಮಾಡಿದ್ದೆ. ಎಷ್ಟು ವರ್ಷದಿಂದ, ಎಷ್ಟು ಮನೆಗಳ ಜೊತೆ, ಯಾವ ಯಾವ ಬೆಳೆ ಎಂದು ಕೇಳಿ ಬರೆದುಕೊಂಡೆ. ಕೆಲಸ ಹೇಗೆ ನಡೆಯುತ್ತದೆ ಎಂದೂ ಕೇಳಿದೆ. ಅರಳುವ ಮುಂಚಿನ ಮೊಗ್ಗನ್ನು ಬಿಡಿಸಿ, ಒಳಗಿನ ಗಂಡು ಕೇಸರವನ್ನು ಚಿಮುಟದಿಂದ ತೆಗೆಯಬೇಕು. ಮರುದಿನ ಬೇರೆ ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಿ, ಗುರುತಿಗೆ ಒಂದು ದಾರ ಕಟ್ಟಬೇಕು. ಇದಕ್ಕೆ ಅಲ್ಲಿಯವರು ಕ್ರಾಸಿಂಗ್ ಎನ್ನುತ್ತಾರೆ. ದಾರವಿಲ್ಲದ ಕಾಯಿ ಎಂದರೆ ತಾನಾಗಿಯೇ ಕಟ್ಟಿದ ಕಾಯಿ. ಅದರ ಬೀಜ ಹೈಬ್ರಿಡ್ ಅಲ್ಲ, ಕಿತ್ತು ಎಸೆಯಬೇಕು. ಅದು ಒಳ್ಳೆಯ ಬೀಜದಲ್ಲಿ ಬೆರೆತರೆ ಕಂಪನಿ ಮಾದರಿ ಬಿತ್ತಿ, ಬೆಳೆಸಿ ನೋಡುವಾಗ ಗೊತ್ತಾಗುತ್ತದೆ. ಆ ಸಲ ಕೊಟ್ಟ ಅಷ್ಟೂ ಬೀಜ, ಅವರ ಮಾತಿನಲ್ಲಿ ಇಡೀ ಲಾಟ್, ತಿರಸ್ಕಾರವಾಗುತ್ತದೆ.

ಹೀಗೆ ಹೇಳುತ್ತ ಹೇಳುತ್ತ ಅಕ್ಕ ತನ್ನ ಮೊದಲ ವರ್ಷಗಳ ಒಂದು ಸಂಗತಿ ಹೇಳಿದಳು. ಆಗ ಆಕೆಗೆ ಇಪ್ಪತ್ತೊಂದು. ಪಿಯುಸಿ ಎರಡು ಸಲ ಫೇಲಾಗಿ ಕ್ರಾಸಿಂಗ್ ಕೂಲಿಗೆ ಹೋಗಿ, ಕೆಲಸ ಕಲಿತು, ಮೊದಲ ಸಲ ತಾನೇ ಆರು ಮನೆಗಳನ್ನು ಒಪ್ಪಿಸಿ ಬೀಜ ಬೆಳೆಸಿದ್ದಳು. ಕೊನೆಯ ಸಲ ಕಾಯಿ ಬಿಡಿಸುವಾಗ ಒಂದು ಮನೆಯವರು ಅವಸರದಲ್ಲಿ ದಾರವಿಲ್ಲದ ಕಾಯಿಗಳನ್ನೂ ಬುಟ್ಟಿಗೆ ಹಾಕಿದ್ದರು. ಗೊತ್ತಾಗುವಷ್ಟರಲ್ಲಿ ಆರೂ ಮನೆಯ ಬೀಜ ತೊಳೆದು, ಕೂಡಿಸಿ, ಒಣಗಲು ಹರವಿಯಾಗಿತ್ತು. ಆಕೆ ಹರವಿದ ಬೀಜದ ಮುಂದೆ ಕುಳಿತು ಅತ್ತು, ಸಂಜೆ ತಾನೇ ಕಂಪನಿಯವರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದಳು. ಲಾಟ್ ಹೋಯಿತು. ಎರಡು ವರ್ಷ ಯಾವ ಕಂಪನಿಯೂ ಆಕೆಯನ್ನು ಕರೆಯಲಿಲ್ಲ.

ನಾನು ಪೆನ್ನು ಕೆಳಗಿಡದೆ ಎಲ್ಲವನ್ನೂ ಬರೆದುಕೊಂಡೆ. ಇದನ್ನು ಸಭೆಯಲ್ಲಿ ಹೇಳಲೇ ಎಂದು ಕೇಳಲಿಲ್ಲ. ನನಗೆ ಹೇಳಿದಳಲ್ಲ, ಅಂದರೆ ಹೇಳಬಹುದು ಎಂದುಕೊಂಡೆ. ನನ್ನ ಬಗ್ಗೆ ಯಾರಾದರೂ ಹಾಗೆ ಅಂದುಕೊಂಡಿದ್ದರೆ ನಾನು ಅವರ ಮುಖ ನೋಡುತ್ತಿರಲಿಲ್ಲ.

ವಿದ್ಯಾರ್ಥಿನಿಯರಿಗಾಗಿ ಬರೆದ ಪರಿಚಯದಲ್ಲಿ ಪ್ರಶಸ್ತಿ, ಸದಸ್ಯತ್ವ ಯಾವುದೂ ಇರಲಿಲ್ಲ. ಇಪ್ಪತ್ತರ ಹುಡುಗಿಯರಿಗೆ ಅವು ಗೋಡೆಯ ಮೇಲಿನ ಫೋಟೊ ಇದ್ದಂತೆ. ಅವರ ವಯಸ್ಸಿನಿಂದಲೇ ಶುರು ಮಾಡಿದೆ: ಎರಡು ಸಲ ಫೇಲಾದ ಪಿಯುಸಿ, ಕೂಲಿ, ಹರವಿದ ಬೀಜ, ಅಳು, ಫೋನು. ವ್ಯಾಪಾರಿಗಳ ಪರಿಚಯದಲ್ಲಿ ಇವು ಒಂದೂ ಇರಲಿಲ್ಲ. ಅಲ್ಲಿ ಕುಳಿತವರು ಕೇಳುವುದು ಒಂದೇ: ಈಕೆಯ ಬೀಜ ನಂಬಬಹುದೇ? ಆದ್ದರಿಂದ ಎಷ್ಟು ಹಂಗಾಮು, ಎಷ್ಟು ನೆಟ್, ಯಾವ ತಳಿ, ಇಂದು ಯಾವುದರ ಬಗ್ಗೆ ಮಾತಾಡುತ್ತಾಳೆ, ಇಷ್ಟೇ. ಒಂದು ನಿಮಿಷದ್ದು. ಎರಡನ್ನೂ ಓದಿ ನೋಡಿ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಎರಡರಲ್ಲೂ ಸುಳ್ಳಿರಲಿಲ್ಲ.

ಬೆಳಿಗ್ಗೆ ಕಾಲೇಜಿನ ಸಭಾಂಗಣ ತುಂಬಿತ್ತು. ಅಕ್ಕ ಕುಷ್ಟಗಿ ಬಸ್ಸಿನಿಂದ ಇಳಿದು ನೇರ ಬಂದಿದ್ದಳು. ನಾನು ಓದಿದೆ. ಹರವಿದ ಬೀಜದ ಮಾತು ಬಂದಾಗ ಹಿಂದಿನ ಸಾಲಿನ ಪಿಸುಮಾತು ನಿಂತಿತು. ಅಷ್ಟು ನಿಶ್ಶಬ್ದವನ್ನು ಆ ಸಭಾಂಗಣದಲ್ಲಿ ನಾನು ಕೇಳಿರಲಿಲ್ಲ. ಓದಿ ಮುಗಿಸಿ ತಿರುಗಿದರೆ ಅಕ್ಕ ಮೈಕಿನ ಹತ್ತಿರ ಬಂದು ನಗುತ್ತಿದ್ದಳು, ಆದರೆ ಕಣ್ಣು ನನ್ನ ಮೇಲಿತ್ತು.

"ನಾ ಏನ್ ಹೇಳಬೇಕಂತ ಬಂದಿದ್ನೋ, ಅದನ್ನ ನಿಮ್ಮ ಮೇಡಂರು ಹೇಳಿಬಿಟ್ರು. ಇನ್ನ ನಾ ಏನ್ ಹೇಳ್ಲಿ? ಊಟ ಮಾಡಿ ಹೋಗ್ಲೇನು?"

ಹುಡುಗಿಯರು ನಕ್ಕರು. ಅಕ್ಕ ಬೇರೆ ದಾರಿ ಹುಡುಕಿ ಚೆನ್ನಾಗಿಯೇ ಮಾತಾಡಿದಳು. ಆದರೆ ಆಕೆಯ ಕೈಯೊಳಗಿನ ಹಣ್ಣನ್ನು ಕಿತ್ತುಕೊಂಡು ನಾನೇ ಸುಲಿದು ತಿಂದಂತಾಗಿತ್ತು. ಪರಿಚಯಿಸುವವರು ಬಾಗಿಲು ತೆರೆಯಬೇಕು, ಮನೆಯೊಳಗೆ ಹೋಗಿ ಕುಳಿತುಕೊಳ್ಳಬಾರದು. ಇದು ಗೊತ್ತಿದ್ದೂ ಮಾಡಿದ ತಪ್ಪು.

ಊಟ ಮುಗಿಸಿ ಕೊಪ್ಪಳದ ಬಸ್ಸು ಹತ್ತಿದೆವು. ಅಕ್ಕ ಕಿಟಕಿಯ ಪಕ್ಕ. ಟಿಕೆಟ್ ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ಆಕೆ ತಾನಾಗಿಯೇ ಹೇಳಿದಳು: ಇವತ್ತಿನ ಸಭೆಗೆ ಒಂದು ಬೀಜ ಕಂಪನಿಯ ಉತ್ಪಾದನಾ ಮ್ಯಾನೇಜರ್ ಬರುತ್ತಾರೆ. ಗಂಗಾವತಿಯಲ್ಲಿ ಅವರ ಕಚೇರಿ. ಈ ಹಂಗಾಮಿಗೆ ಹೊಸ ತಳಿಯೊಂದನ್ನು ಬೆಳೆಸಿಕೊಡುವವರನ್ನು ಹುಡುಕುತ್ತಿದ್ದಾರೆ. ಆಕೆಯ ಊರಿನಲ್ಲಿ ಮೂವತ್ತು ನೆಟ್‌ಗಳಿವೆ. ಹಳೆಯ ಕಂಪನಿ ಈ ವರ್ಷ ಬೇರೆ ಕಡೆ ಹೋಗಿದೆ. ಇಲ್ಲಿ ಒಪ್ಪಂದವಾಗದಿದ್ದರೆ ಮೂವತ್ತೂ ನೆಟ್ ಖಾಲಿ.

"ಮೂವತ್ತು ಮನಿ ಅಕ್ಕಾ?"

"ಮೂವತ್ತು ಮನಿ. ಒಂದೊಂದರಾಗ ಐದಾರು ಹೆಣ್ಣಮಕ್ಳು ಕ್ರಾಸಿಂಗ್ ಮಾಡೋರು. ಲೆಕ್ಕ ನೀವ ಹಾಕ್ಕೋರಿ."

ಆಗಲೇ ಫೋನ್ ಬಂತು. ಸಂಘದ ಕಾರ್ಯದರ್ಶಿ.

"ಮೇಡಂರ, ಎಲ್ಲಿ ಅದೀರಿ? ನಮ್ಮ ಗ್ರೂಪಿನ್ಯಾಗ ಒಂದು ವಿಡಿಯೋ ಬಂದೈತ್ರಿ. ನೀವ ಮಾತಾಡಿದ್ದು. ಅಕ್ಕಾರ ಲಾಟ್ ಫೇಲ್ ಆತಂತ?"

ನಮ್ಮ ವಿದ್ಯಾರ್ಥಿನಿಯೊಬ್ಬಳು ಅಭಿಮಾನದಿಂದ ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದ್ದಳಂತೆ. ಆಕೆಯ ಅಪ್ಪ ಬೀಜದಂಗಡಿಯವರು. ಅವರು ಅದನ್ನು ಸಂಘದ ಗ್ರೂಪಿಗೆ ಕಳಿಸಿದ್ದರು. ನಾನು ಅಲ್ಲಿಯೇ ತೆಗೆದು ನೋಡಿದೆ. ಅರ್ಧ ನಿಮಿಷದ ತುಣುಕು: ಯಾರೋ ದಾರವಿಲ್ಲದ ಕಾಯಿ ಹಾಕಿದ್ದು, ಆಕೆ ಅತ್ತಿದ್ದು. "ಇಡೀ ಲಾಟ್ ತಿರಸ್ಕಾರವಾಯಿತು" ಎಂಬಲ್ಲಿಗೆ ನಿಂತುಬಿಟ್ಟಿತ್ತು. ಯಾವಾಗ, ಎಷ್ಟು ವರ್ಷದ ಹಿಂದೆ ಎಂಬುದಿಲ್ಲ. ಫೋನ್ ಮಾಡಿ ತಾನೇ ಹೇಳಿದ್ದನ್ನು ನಾನು ಅದಾದ ಮೇಲೆ ಓದಿದ್ದೆ, ಅದೂ ಇಲ್ಲ.

"ಮ್ಯಾನೇಜರ್ ಸಾಹೇಬ್ರೂ ನೋಡ್ಯಾರ್ರಿ," ಎಂದರು ಕಾರ್ಯದರ್ಶಿ. "ನೀವು ಏನೂ ಗೊತ್ತಿಲ್ಲದಂಗ ಛಲೋದಷ್ಟ ಹೇಳಿ ಕುಂದರ್ರಿ. ಇಲ್ಲಾಂದ್ರ ಪರಿಚಯನ ಬ್ಯಾಡ, ನಾನ ಸ್ವಾಗತ ಅಂತ ಎರಡು ಮಾತು ಹೇಳ್ತೀನಿ."

ಯೋಚಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಅಕ್ಕನಿಗೆ ಹೇಳದೆ ದಾರಿಯಿರಲಿಲ್ಲ. ಫೋನನ್ನು ಆಕೆಯ ಕೈಗೆ ಕೊಟ್ಟು ತೋರಿಸಿದೆ. ಆಕೆ ಒಂದು ಸಲ ನೋಡಿದಳು. ಮತ್ತೆ ನೋಡಲಿಲ್ಲ. ಹೊರಗೆ ಕರಿ ಹೊಲಗಳು ಓಡುತ್ತಿದ್ದವು. ಆಕೆ ಫೋನನ್ನು ನನಗೆ ಹಿಂದಿರುಗಿಸಿ ಕಿಟಕಿಯ ಗಾಜು ಸರಿಸಿದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಕೇಳಬೇಕಿತ್ತಲ್ಲ ತಂಗಿ ನೀ," ಎಂದಳು.

"ತಪ್ಪಾತು ಅಕ್ಕಾ."

"ಆ ಹುಡುಗ್ಯಾರ ಮುಂದ ಹೇಳೂದಕ್ಕ ನಂದೇನೂ ತಕರಾರು ಇರಲಿಲ್ಲ. ನಾನೂ ಹೇಳಾಕಿನ ಇದ್ದೆ. ಆದ್ರ ಎಲ್ಲಿ ನಿಲ್ಲಿಸಬೇಕಂತ ನನಗ ಗೊತ್ತಿತ್ತು."

ಬೆಳಿಗ್ಗೆಯವರೆಗೂ ಮೇಡಂ ಎನ್ನುತ್ತಿದ್ದವಳು ಈಗ ತಂಗಿ ಎನ್ನುತ್ತಿದ್ದಳು. ಅದು ಸಲಿಗೆಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ.

ನಾನು ವ್ಯಾಪಾರಿಗಳಿಗಾಗಿ ಬರೆದಿದ್ದನ್ನು ತೆಗೆದು ಆಕೆಗೆ ಓದಿ ಹೇಳಿದೆ. ಈಗ ಅದನ್ನು ಹಾಗೆಯೇ ಓದಿದರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಕಾಣುತ್ತಿತ್ತು. ಬೆಳಿಗ್ಗೆಯಾಗಿದ್ದರೆ ಆ ಸಂಗತಿಯನ್ನು ಬಿಟ್ಟಿದ್ದು ಔಚಿತ್ಯವಾಗುತ್ತಿತ್ತು. ಎಲ್ಲರಿಗೂ ಗೊತ್ತಾದ ಮೇಲೆ ಬಿಟ್ಟರೆ ಮುಚ್ಚಿಟ್ಟಂತೆ. ಒಂದು ಲಾಟ್ ಹೋಗಿದ್ದಕ್ಕಿಂತ ಮುಚ್ಚಿಡುವವಳು ಎಂಬ ಹೆಸರು ಆ ವ್ಯಾಪಾರದಲ್ಲಿ ಕೆಟ್ಟದ್ದು.

"ಹೇಳಬೇಕಾಗ್ತದ ಅಕ್ಕಾ. ನೀವು ಹೂಂ ಅಂದ್ರ. ನೀವ ಹೇಳ್ತೀರೋ, ನಾ ಹೇಳ್ಲೋ?"

"ನಾ ಹೇಳಿದ್ರ ಸಮಜಾಯಿಷಿ ಕೊಟ್ಟಂಗ ಆಕ್ಕತಿ. ನೀನ ಹೇಳು. ಸುರುಮಾಡಿದಾಕಿ ನೀನ ಅಲ್ಲ?" ನಂತರ ನನ್ನ ಕಡೆ ತಿರುಗಿ ಕುಳಿತಳು. "ಬರಕೋ. ಲಾಟ್ ಫೇಲ್ ಆತು ಅಂತ ಹೇಳು. ಅತ್ತಿದ್ದು ಹೇಳಬ್ಯಾಡ."

ಬರೆದುಕೊಂಡೆ.

"ಕೂಲಿ ಮಾಡೀನಿ ಅಂತ ಹೇಳು. ಬಡತನ ಅಂತ ಹೇಳಬ್ಯಾಡ. ಬಡವಿ ಅಂದ್ರ ಮೊದಲ ಚಪ್ಪಾಳಿ ಹೊಡೀತಾರ, ಆಮ್ಯಾಲೆ ರೇಟು ಇಳಸ್ತಾರ."

ಇಷ್ಟು ಕಷ್ಟದಲ್ಲೂ ನನಗೆ ನಗು ಬಂತು. ಆಕೆ ನಗಲಿಲ್ಲ.

"ಮತ್ತ, 'ಹೆಣ್ಣಮಗಳಾದ್ರೂ' ಅನ್ನಬ್ಯಾಡ. ಪಿಯುಸಿ ಬಿಡು, ಅವರಿಗೇನ್ ಮಾಡೂದೈತಿ ಅದನ್ನ ತಗೊಂಡು."

"ಫೇಲ್ ಆದ ಮ್ಯಾಲೆ ಏನ್ ಬದಲ್ ಮಾಡಿದ್ರಿ ಅಕ್ಕಾ? ಅದನ್ನ ನಾ ಕೇಳ ಇಲ್ಲ."

ಅದೇ ಮುಖ್ಯ ಪ್ರಶ್ನೆಯಾಗಿತ್ತು. ಅಳುವಿನ ಕಥೆ ಸಿಕ್ಕ ಸಂತೋಷದಲ್ಲಿ ನಾನು ಫೋನಿನಲ್ಲಿ ಅದನ್ನು ಕೇಳಿರಲೇ ಇಲ್ಲ. ಅಕ್ಕ ಹೇಳಿದಳು: ಆಮೇಲೆ ಯಾವತ್ತೂ ಎರಡು ಮನೆಯ ಬೀಜ ಕೂಡಿಸಿಲ್ಲ. ಒಂದೊಂದು ನೆಟ್ಟಿನ ಬೀಜ ಬೇರೆ ತೊಳೆದು, ಬೇರೆ ಒಣಗಿಸಿ, ಚೀಟಿ ಕಟ್ಟಿ ಬೇರೆ ಚೀಲಕ್ಕೆ. ಇಷ್ಟೇ ಅಲ್ಲ, ಒಂದು ನೆಟ್ಟಿನೊಳಗೆ ಕ್ರಾಸಿಂಗ್ ಮಾಡುವ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ಕೆಂಪು ದಾರದ ಕಾಯಿ ತಪ್ಪಾಗಿದ್ದರೆ ಕೆಂಪು ದಾರದವಳನ್ನು ಅಂದೇ ಕೇಳಬಹುದು. ದಾರವಿಲ್ಲದ ಕಾಯಿಯನ್ನು ಬಿಡಿಸುವ ಮುಂಚೆ ಆಕೆ ತಾನೇ ಸಾಲುಸಾಲು ತಿರುಗಿ ಕಿತ್ತು ಹಾಕಿಸುತ್ತಾಳೆ. ಅಂದಿನಿಂದ ಇಂದಿನವರೆಗೆ ಇನ್ನೊಂದು ಲಾಟ್ ವಾಪಸ್ ಬಂದಿಲ್ಲ.

ಬಸ್ಸು ಕುಲುಕುತ್ತಿತ್ತು. ಅಕ್ಷರಗಳು ಎತ್ತೆತ್ತಲೋ ಹೋದವು. ಹೇಳಬೇಕಾದ್ದನ್ನು ಐದಾರು ವಾಕ್ಯಕ್ಕೆ ಇಳಿಸಿ ಬಾಯಲ್ಲೇ ಗುನುಗಿಕೊಂಡೆ. ಕಂಡಕ್ಟರ್ ಹಾದುಹೋಗುವಾಗ "ಮೇಡಂರದು ಪರೀಕ್ಷಾ ಐತೇನ್ರಿ?" ಎಂದ. "ಹೂಂನಪಾ, ಅಕಿ ಪಾಸ್ ಆದ್ರ ನಾ ಪಾಸು," ಎಂದಳು ಅಕ್ಕ.

ಕೊಪ್ಪಳದಲ್ಲಿ ಸಭೆ ಒಂದು ಮಹಡಿ ಮೇಲಿನ ಹಾಲ್‌ನಲ್ಲಿತ್ತು. ಐವತ್ತರವತ್ತು ಜನ. ಹೆಂಗಸರು ನಾವಿಬ್ಬರೇ. ಕಾರ್ಯದರ್ಶಿ ಬಾಗಿಲಲ್ಲೇ ಸಿಕ್ಕು, ತಗ್ಗಿದ ದನಿಯಲ್ಲಿ "ಏನ್ ಮಾಡ್ತೀರಿ?" ಎಂದರು. ಓದುತ್ತೇನೆ ಎಂದೆ. ಅವರು ಹಣೆ ಒರೆಸಿಕೊಂಡರು. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಕುಳಿತಿದ್ದರು. ಫೋನ್ ಅಂಗಾತ ತೊಡೆಯ ಮೇಲಿತ್ತು. ಪರಿಚಯದ ಸರದಿ ಬಂದಾಗ ಹಿಂದೆ ಯಾರೋ ಬೆಳಗಿನ ವಿಡಿಯೋ ಹಚ್ಚಿಬಿಟ್ಟರು. ನನ್ನದೇ ದನಿ ಹಾಲ್‌ನಲ್ಲಿ ಎರಡು ಕ್ಷಣ ಕೇಳಿ ನಿಂತಿತು. ಕೆಲವರು ನಕ್ಕರು.

ನಾನು ಮೈಕಿನ ಮುಂದೆ ನಿಂತೆ. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಮೈಕಿನ ಸ್ಟ್ಯಾಂಡನ್ನು ಗಟ್ಟಿಯಾಗಿ ಹಿಡಿದೆ.

ಕಷ್ಟಪಟ್ಟು ಮೇಲೆ ಬಂದವರು ಎಂಬ ಮಾತು ಆಡಲಿಲ್ಲ. ಅಕ್ಕನ ಹೆಸರು, ಊರು, ಕೆಲಸ ಹೇಳಿದೆ. ಕ್ರಾಸಿಂಗ್ ಕೂಲಿಯಿಂದ ಶುರು ಮಾಡಿದ್ದರಿಂದ ಹೂವಿನ ಹಂತದ ಪ್ರತಿ ಕೆಲಸ ಅವರ ಕೈಗೆ ಗೊತ್ತು ಎಂದೆ. ಆಮೇಲೆ ಬಸ್ಸಿನಲ್ಲಿ ಬರೆದುಕೊಂಡದ್ದನ್ನು ಓದಿದೆ: "ಇವರ ಒಂದು ಲಾಟ್ ಶುದ್ಧತೆಯ ಪರೀಕ್ಷೆಯಲ್ಲಿ ಫೇಲಾಗಿದೆ. ಅದು ಹದಿನೇಳು ವರ್ಷದ ಹಿಂದೆ, ಇವರು ಸ್ವತಂತ್ರವಾಗಿ ಬೆಳೆಸಿದ ಮೊದಲ ಲಾಟ್. ಪರೀಕ್ಷೆಗೆ ಮೊದಲೇ, ತಪ್ಪು ತಿಳಿದ ಸಂಜೆಯೇ, ಇವರು ಕಂಪನಿಗೆ ತಾವೇ ತಿಳಿಸಿದರು. ಆ ನಂತರ ಪ್ರತಿ ನೆಟ್ಟಿನ ಬೀಜವನ್ನು ಪ್ರತ್ಯೇಕ ಇಡುವ, ಪ್ರತಿ ಕೆಲಸಗಾರ್ತಿಗೆ ಪ್ರತ್ಯೇಕ ಬಣ್ಣದ ದಾರ ಕೊಡುವ ಪದ್ಧತಿ ತಂದರು. ಆಮೇಲೆ ಒಂದು ಲಾಟೂ ವಾಪಸ್ ಬಂದಿಲ್ಲ. ಇಂದು ಅವರು ಮೂವತ್ತು ನೆಟ್‌ಗಳ ಉತ್ಪಾದನೆಯ ಬಗ್ಗೆ ಮಾತಾಡಲಿದ್ದಾರೆ."

ಮುಗಿಸಿದೆ. ಬೆಳಗಿನ ನಿಶ್ಶಬ್ದ ಬೇರೆ, ಇದು ಬೇರೆ. ಇಲ್ಲಿ ಎಲ್ಲರೂ ತೂಗುತ್ತಿದ್ದರು. ಹಿಂದಿನಿಂದ ಒಬ್ಬ ಹಿರಿಯ ವ್ಯಾಪಾರಿ ಎದ್ದು ನಿಂತರು.

"ಮುಂಜಾನೆ ಹುಡುಗ್ಯಾರ ಮುಂದ ಅಳೋ ಪರಿಚಯ, ಈಗ ನಮ್ಮ ಮುಂದ ಲೆಕ್ಕದ ಪರಿಚಯ. ಸಭಾಕ್ಕೊಂದು ಸೀರಿ ಉಟ್ಟಂಗ ಆತಲ್ರಿ ಇದು!"

ಹಾಲ್ ನಕ್ಕಿತು. ಅವರು ಹೇಳಿದ್ದು ಸುಳ್ಳಲ್ಲ. ಅಕ್ಕ ಕುಳಿತಲ್ಲಿಂದಲೇ ಮಾತಾಡಿದಳು.

"ಹೌದ್ರಿ ಯಜಮಾನ್ರ. ಮದಿವಿಗೊಂದು ಸೀರಿ, ಹೊಲಕ್ಕೊಂದು ಸೀರಿ. ನೀವೂ ಅಂಗಡ್ಯಾಗ ರೈತರ ಮುಂದ ಒಂದು ಮಾತು, ಕಂಪನ್ಯಾರ ಮುಂದ ಒಂದು ಮಾತು ಆಡಂಗಿಲ್ಲೇನ್ರಿ? ಸೀರಿ ಯಾವುದರ ಇರ್ಲಿ, ಉಟ್ಟಾಕಿ ಒಬ್ಬಾಕಿನ ಅದಾಳಿಲ್ಲೋ ನೋಡ್ರಿ."

ಈ ಸಲದ ನಗೆ ಬೇರೆ ಕಡೆಗಿತ್ತು. ಹಿರಿಯರೂ ನಕ್ಕು ಕುಳಿತರು. ಮ್ಯಾನೇಜರ್ ಮಾತ್ರ ನಗಲಿಲ್ಲ. ಗಂಗಾವತಿ ಕಡೆಯ, ತೆಲುಗಿನ ಎಳೆತವಿರುವ ಕನ್ನಡದಲ್ಲಿ ಕೇಳಿದರು:

"ದಾರ ಇಲ್ಲದ ಕಾಯಿ ಹಾಕಿದ್ದು ಯಾರು ಅಮ್ಮಾ? ಅವರು ಈಗಲೂ ನಿಮ್ಮ ಹತ್ತಿರ ಇದ್ದಾರಾ?"

"ಅದಾರ್ರಿ."

"ಹೆಸರು?"

"ಅದು ನನ್ನ ಲಾಟ್ ಇತ್ರಿ. ಫೇಲ್ ಆಗಿದ್ದೂ ನಂದ. ಹೆಸರು ಹೇಳಂಗಿಲ್ಲ."

ಮ್ಯಾನೇಜರ್ ತೊಡೆಯ ಮೇಲಿನ ಫೋನನ್ನು ಜೇಬಿಗೆ ಹಾಕಿಕೊಂಡರು. ಕಾರ್ಯದರ್ಶಿ ಕೆಮ್ಮಿದರು. ನಾನು ಇನ್ನೂ ಸ್ಟ್ಯಾಂಡ್ ಬಿಟ್ಟಿರಲಿಲ್ಲ. ಅಕ್ಕ ಎದ್ದು ಬಂದು ನನ್ನ ಕೈಯನ್ನು ಅದರಿಂದ ಬಿಡಿಸಿ, ತಾನು ನಿಂತು ಹತ್ತು ನಿಮಿಷ ಮಾತಾಡಿದಳು. ಎಲ್ಲಿಯೂ ದನಿ ಏರಿಸಲಿಲ್ಲ.

ಸಭೆ ಮುಗಿದ ಮೇಲೆ ಮ್ಯಾನೇಜರ್ ಮೆಟ್ಟಿಲ ಬಳಿ ನಿಂತು ತಮ್ಮ ತೀರ್ಮಾನ ಹೇಳಿದರು. ಬೀಜ ಬೇರೆ ಇಡುವ ಪದ್ಧತಿ ಅವರಿಗೆ ಒಪ್ಪಿಗೆಯಾಗಿದೆ. ಆದರೆ ಮೂವತ್ತು ನೆಟ್ ಈ ವರ್ಷ ಕೊಡಲಾಗದು. ಆ ವಿಡಿಯೋ ಅವರ ಮೇಲಿನವರಿಗೂ ಹೋಗಿದೆ, ಪ್ರಶ್ನೆ ಬರುತ್ತದೆ. ಈ ಹಂಗಾಮಿಗೆ ಹತ್ತು ನೆಟ್. ಪರೀಕ್ಷೆಯಲ್ಲಿ ಪಾಸಾದರೆ ಮುಂದಿನ ಹಂಗಾಮಿಗೆ ಉಳಿದದ್ದು.

"ವಿಡಿಯೋ ಬರದಿದ್ರ ಮೂವತ್ತೂ ಕೊಡ್ತಿದ್ರೇನ್ರಿ?" ನಾನು ಕೇಳಿಬಿಟ್ಟೆ. ಅಷ್ಟು ನೇರವಾಗಿ ನಾನು ಯಾರನ್ನೂ ಏನನ್ನೂ ಕೇಳುವುದಿಲ್ಲ.

"ಹೇಳೋದು ಕಷ್ಟ ಮೇಡಂ," ಎಂದರು ಅವರು. "ನೀವು ಈಗ ಇಲ್ಲಿ ಹೇಳಿದ್ದು ಕೇಳದಿದ್ರೆ ಹತ್ತೂ ಕೊಡ್ತಿರಲಿಲ್ಲ."

ಇದನ್ನು ಸಮಾಧಾನ ಎಂದು ಹೇಳಿದರೋ ಇದ್ದದ್ದನ್ನು ಹೇಳಿದರೋ ಇಂದಿಗೂ ತಿಳಿದಿಲ್ಲ. ಈಗ ನಾನು ಯಾರ ಪರಿಚಯ ಬರೆದರೂ ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳುತ್ತೇನೆ. ಯಾವುದನ್ನು ನೀವೇ ಹೇಳುತ್ತೀರಿ, ಯಾವುದನ್ನು ಯಾರೂ ಹೇಳಬಾರದು ಎಂದು ಕೇಳುತ್ತೇನೆ. ಕೆಲವರಿಗೆ ಇದು ಅತಿಯೆನಿಸುತ್ತದೆ. ಇರಲಿ.

ಬಸ್ ನಿಲ್ದಾಣದಲ್ಲಿ ಕುಷ್ಟಗಿ ಬಸ್ಸಿಗೆ ಕಾಯುತ್ತ ಅಕ್ಕ ಮನೆಗೆ ಫೋನ್ ಹಚ್ಚಿದಳು. ಅತ್ತ ಕಡೆ ಆಕೆಯ ನಾದಿನಿ. ಮೂವತ್ತರಲ್ಲಿ ಯಾವ ಹತ್ತು ಎಂಬುದನ್ನು ಅಲ್ಲಿಯೇ ನಿರ್ಧರಿಸಬೇಕಿತ್ತು, ಏಕೆಂದರೆ ಮನೆಗೆ ಹೋಗುವಷ್ಟರಲ್ಲಿ ಊರೆಲ್ಲ ಬಾಗಿಲಲ್ಲಿ ನಿಂತಿರುತ್ತದೆ ಎಂದಳು. ನಾನು ಸ್ವಲ್ಪ ದೂರ ಸರಿದು ನಿಂತೆ. ಆದರೂ ಕೇಳಿಸುತ್ತಿತ್ತು. ಹೋದ ವರ್ಷ ಗಂಡನನ್ನು ಕಳೆದುಕೊಂಡವಳ ಮನೆ, ಮಗಳ ಓದಿಗೆ ಇದನ್ನೇ ನೆಚ್ಚಿದವರ ಮನೆ. ಬೆರಳು ಮಡಚುತ್ತ ಹೋದಳು. ಎಂಟಕ್ಕೆ ನಿಂತಳು. ಮತ್ತೆ ಎರಡು ಹೇಳಿದಳು.

ಅತ್ತಲಿಂದ ನಾದಿನಿ ಏನೋ ಜೋರಾಗಿ ಕೇಳಿದಳು.

"ನಮ್ಮದು ಬ್ಯಾಡ," ಎಂದಳು ಅಕ್ಕ. "ನಮ್ಮ ನೆಟ್ಟಿನ್ಯಾಗ ಈ ವರ್ಷ ಸೌತಿಕಾಯಿ ಹಚ್ಚೂಣು. ನಮ್ಮದು ಹಾಕಿದ್ರ ಇನ್ನೊಂದು ಮನಿ ಹೊರಗ ಉಳೀತೈತಿ. ಉಳಿದದ್ದು ಬಂದು ಹೇಳ್ತೀನಿ."

ಬಸ್ಸು ಬಂತು. ಆಕೆ ನನ್ನ ಭುಜ ತಟ್ಟಿ, ಸೀಟು ಹಿಡಿಯಲು ಎಲ್ಲರಿಗಿಂತ ಮೊದಲು ಹತ್ತಿದಳು.